ಕಚೇರಿಯ ಕಂಪ್ಯೂಟರಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೇ?

"ರಾಯಚೂರಿನಲ್ಲಿ ನಮ್ಮದು ಹತ್ತಿ ವ್ಯಾಪಾರದ ಕಚೇರಿ. ಟ್ಯಾಲಿ, ಎಕ್ಸೆಲ್, ನುಡಿ ಮತ್ತು ಎರಡು ಮಾನಿಟರ್ ಇಷ್ಟೇ ನಮ್ಮ ಅಗತ್ಯ. i3-12100F ಜೊತೆಗೆ GT 710 ಕಾರ್ಡ್ ಹಾಕಿಸಿ ಎಂದು ಅಂಗಡಿಯವರು ಹೇಳುತ್ತಾರೆ. i3-12100 ಒಂದೇ ಸಾಕಾಗುವುದಿಲ್ಲವೇ?"

ಸಾಕಾಗುತ್ತದೆ, ಕಾರ್ಡ್ ಬೇಡ. ಆ ಎರಡು ಪ್ರೊಸೆಸರ್‌ಗಳ ಲೆಕ್ಕಾಚಾರದ ಶಕ್ತಿಯಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಕೊನೆಯ F ಅಕ್ಷರ ಹೇಳುವುದು ಒಂದೇ ವಿಷಯ: ಅದರೊಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ, ಆದ್ದರಿಂದ ಮದರ್‌ಬೋರ್ಡಿನ ಹಿಂಬದಿಯ HDMI ಕಿಂಡಿಗೆ ಕೇಬಲ್ ಸಿಕ್ಕಿಸಿದರೂ ಪರದೆಯ ಮೇಲೆ ಏನೂ ಮೂಡುವುದಿಲ್ಲ.

ನಾನೂ ಇದೇ ಊರಿನ ಒಂದು ದಲಾಲಿ ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವವನು. ನಮ್ಮಲ್ಲಿ F ಪ್ರೊಸೆಸರ್ ಮತ್ತು ಸಣ್ಣ ಕಾರ್ಡ್ ಇತ್ತು. ಹತ್ತಿ ಹಂಗಾಮಿನ ನಡುವೆ ಒಂದು ಬೆಳಿಗ್ಗೆ ಮಾನಿಟರ್ "No Signal" ಎಂದು ತೋರಿಸಿ ಸುಮ್ಮನಾಯಿತು. ಒಳಗೆ ಫ್ಯಾನ್ ತಿರುಗುತ್ತಿತ್ತು, Num Lock ಒತ್ತಿದರೆ ಕೀಬೋರ್ಡಿನ ದೀಪ ಹೊತ್ತಿ ಆರುತ್ತಿತ್ತು. ಅಂದರೆ ಕಂಪ್ಯೂಟರ್ ಬದುಕಿತ್ತು, ಚಿತ್ರ ಮಾತ್ರ ಇರಲಿಲ್ಲ. ಬಿಚ್ಚಿ ನೋಡಿದರೆ ಕಾರ್ಡಿನ ಪುಟ್ಟ ಫ್ಯಾನು ಹತ್ತಿಯ ನಾರು ಮತ್ತು ದೂಳು ಮೆತ್ತಿಕೊಂಡು ಅಲುಗಾಡದಂತಾಗಿತ್ತು. ಸ್ವಚ್ಛ ಮಾಡಿದರೂ ಕಾರ್ಡ್ ಚೇತರಿಸಿಕೊಳ್ಳಲಿಲ್ಲ. F ಇಲ್ಲದ ಪ್ರೊಸೆಸರ್ ಆಗಿದ್ದರೆ ಕಾರ್ಡ್ ಕಿತ್ತು ಕೇಬಲನ್ನು ಬೋರ್ಡಿಗೆ ಸಿಕ್ಕಿಸಿ ಐದೇ ನಿಮಿಷದಲ್ಲಿ ಬಿಲ್ ಬರೆಯಬಹುದಿತ್ತು. ಬದಲಿ ಕಾರ್ಡ್ ಬರುವವರೆಗೆ ನಾವು ಕೈಬರಹದ ಚೀಟಿಗಳಲ್ಲೇ ದಿನ ದೂಡಿದೆವು.

"ಬೇರೆ ಕಾರ್ಡ್ ಎಂದರೆ ಹೆಚ್ಚು ಶಕ್ತಿ" ಎಂಬ ನಂಬಿಕೆಯೂ ಇಲ್ಲಿ ಹೊಂದುವುದಿಲ್ಲ. GT 710 ಹಳೆಯ ಪೀಳಿಗೆಯದು, ಆ ಪೀಳಿಗೆಗೆ ತಯಾರಕರು 2021ರಲ್ಲಿಯೇ ಹೊಸ ಡ್ರೈವರ್‌ಗಳನ್ನು ನಿಲ್ಲಿಸಿ, ಭದ್ರತಾ ತಿದ್ದುಪಡಿಗಳನ್ನಷ್ಟೇ 2024ರವರೆಗೆ ಮುಂದುವರಿಸಿದರು. ಈಗಿನ ಯೂಟ್ಯೂಬ್ ವಿಡಿಯೊಗಳ VP9, AV1 ರೂಪಗಳನ್ನು ಬಿಡಿಸುವ ವ್ಯವಸ್ಥೆ i3-12100ರ UHD 730 ಗ್ರಾಫಿಕ್ಸ್‌ನಲ್ಲಿದೆ, ಆ ಕಾರ್ಡಿನಲ್ಲಿಲ್ಲ. ಅಲ್ಲಿ ಆ ಹೊರೆ ಪ್ರೊಸೆಸರ್ ಮೇಲೆಯೇ ಬೀಳುತ್ತದೆ.

ಆದರೆ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ಕಂಪ್ಯೂಟರಿನ ರ‍್ಯಾಮನ್ನೇ ಅದು ಹಂಚಿಕೊಳ್ಳುತ್ತದೆ. ಹಾಗಾಗಿ ಕಾರ್ಡಿನ ಹಣದಲ್ಲಿ 8 ಜಿಬಿಯ ಎರಡು ರ‍್ಯಾಮ್ ಹಾಕಿಸಿ. 16 ಜಿಬಿಯ ಒಂದೇ ತುಂಡಿಗಿಂತ ಎರಡು ತುಂಡುಗಳು ಜೋಡಿಯಾಗಿ ಹೆಚ್ಚು ವೇಗದಲ್ಲಿ ದತ್ತಾಂಶ ಒದಗಿಸುತ್ತವೆ. ಬೋರ್ಡಿನ ಹಿಂದೆ ಎರಡು ಮಾನಿಟರ್‌ಗಳಿಗೆ ಹೊಂದುವ ಎರಡು ಕಿಂಡಿಗಳಿವೆಯೇ ಎಂದು ಖುದ್ದಾಗಿ ನೋಡಿ. ಅಗ್ಗದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಒಂದು HDMI, ಒಂದು VGA ಇರುತ್ತವೆ.

ಮುಂದೆ ಮೂರು ಆಯಾಮದ ವಿನ್ಯಾಸ ಅಥವಾ ವಿಡಿಯೊ ಸಂಕಲನ ಶುರುವಾದರೆ ಆಗ ಒಳ್ಳೆಯ ಕಾರ್ಡ್ ಸೇರಿಸಬಹುದು, ಬೋರ್ಡಿನ ಉದ್ದನೆಯ ಸ್ಲಾಟ್ ಖಾಲಿಯೇ ಇರುತ್ತದೆ. ಸದ್ಯಕ್ಕೆ ಅಂಗಡಿಯವರು ಬರೆದುಕೊಡುವ ಕೊಟೇಶನ್ನಿನಲ್ಲಿ, ಹಾಗೆಯೇ ಪ್ರೊಸೆಸರ್ ಡಬ್ಬಿಯ ಮೇಲೆ, 12100 ಆದ ಮೇಲೆ ಯಾವ ಅಕ್ಷರವೂ ಇಲ್ಲವೆಂದು ನೋಡಿಕೊಂಡೇ ಹಣ ಕೊಡಿ.