ಏಳು ಅಂತ ಎಣಿಸಿದರೆ ಸಾಲದು, ‘ಒಂದು’ ಎಲ್ಲಿದೆ ಅಂತ ಹುಡುಕಿ

ಪ್ರಶ್ನೆ: ಹಳೇ ರೆಕಾರ್ಡಿಂಗ್‌ನಲ್ಲಿ 40 ಸೆಕೆಂಡಿನ ಒಂದು ತುಣುಕು ಸಿಕ್ಕಿದೆ. ಹೆಸರು ಗೊತ್ತಿಲ್ಲ, ಆ್ಯಪ್‌ಗಳೂ ಹಿಡಿಯುತ್ತಿಲ್ಲ. ಎಣಿಸಿದರೆ 7 ಬರುತ್ತೆ. ಅದು 7/8ಓ 7/4ಓ ಅಂತ ಖಚಿತ ಮಾಡಿಕೊಳ್ಳೋದು ಹೇಗೆ? ಅದರಿಂದ ಹುಡುಕಾಟ ಸುಲಭ ಆಗುತ್ತಾ?

ನನ್ನ ಹತ್ತಿರ ಇದ್ದದ್ದು 50 ಸೆಕೆಂಡು. ನಮ್ಮ ದೊಡ್ಡಪ್ಪ 80ರ ದಶಕದಲ್ಲಿ ಶಿವಮೊಗ್ಗದ ಮನೆಯಲ್ಲಿ ರಾತ್ರಿ ಶಾರ್ಟ್‌ವೇವ್ ರೇಡಿಯೋ ಹಾಕಿಕೊಂಡು ಕೂರುತ್ತಿದ್ದರು. ಇಷ್ಟವಾದದ್ದನ್ನೆಲ್ಲ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದರು. ಅಂಥ ಒಂದು ಕ್ಯಾಸೆಟ್ಟಿನ ಕೊನೆಯಲ್ಲಿ ಒಂದು ವಾದ್ಯಸಂಗೀತ ಇತ್ತು. ಕೊಳಲಿನಂಥದ್ದು ಒಂದು, ಕಮಾನು ಹಾಕಿ ಬಾರಿಸುವಂಥದ್ದು ಒಂದು, ಜೊತೆಗೆ ಒಂದು ದೊಡ್ಡ ಡೋಲು. ರೆಕಾರ್ಡ್ ಗುಂಡಿ ಒತ್ತುವಾಗಲೇ ಅದು ಅರ್ಧ ನಡೆದಿತ್ತು, ಮುಗಿಯುವ ಮೊದಲೇ ಟೇಪು ಖಾಲಿಯಾಗಿತ್ತು. ಹಾಗಾಗಿ ಹಿಂದೂ ಇಲ್ಲ, ಮುಂದೂ ಇಲ್ಲ. ರೇಡಿಯೋದವರು ಏನು ಹೇಳಿದರೋ ಅದೂ ಇಲ್ಲ. ದೊಡ್ಡಪ್ಪನಿಗೆ ಆ ಟ್ಯೂನ್ ಅಂದರೆ ಪ್ರಾಣ. ‘ಇದು ಯಾವ ಊರಿನದು ಅಂತ ನೋಡೋ’ ಅಂತ ಕ್ಯಾಸೆಟ್ ನನ್ನ ಕೈಗೆ ಕೊಟ್ಟರು.

ಅದು ಯಾವ ಊರಿನದು ಅಂತ ಗೊತ್ತಾಗಲು 14 ತಿಂಗಳು ಬೇಕಾಯಿತು. ಎರಡು ಸಂಜೆಯಲ್ಲಿ ಆಗಬೇಕಿದ್ದ ಕೆಲಸ. ತಡವಾಗಿದ್ದಕ್ಕೆ ಒಂದೇ ಒಂದು ತಪ್ಪು ಕಾರಣ. ನೀವೂ ಅದೇ ಬಾಗಿಲಲ್ಲಿ ನಿಂತಿದ್ದೀರಿ ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿಮ್ಮ 7/8, 7/4 ವಿಷಯ. ಅದನ್ನು ಬಿಟ್ಟುಬಿಡಿ. ಕೆಳಗಿನ ಅಂಕಿ ಬರೆಯುವವರ ಅನುಕೂಲಕ್ಕೆ ಇರೋದು. ಒಂದೇ ಟ್ಯೂನನ್ನು ಒಬ್ಬರು 7/8 ಅಂತ ಬರೆಯುತ್ತಾರೆ, ಇನ್ನೊಬ್ಬರು 7/16 ಅಂತ. ಕಿವಿಗೆ ಕೇಳುವ ಶಬ್ದದಲ್ಲಿ ಏನೂ ವ್ಯತ್ಯಾಸವಿಲ್ಲ. ಹುಡುಕಾಟಕ್ಕೆ ಬೇಕಾದದ್ದು ಎರಡೇ: ಆ ಏಳು ಹೇಗೆ ಒಡೆದಿದೆ, ಆ ಒಡೆತದಲ್ಲಿ ‘ಒಂದು’, ಅಂದರೆ ಸುತ್ತು ಶುರುವಾಗುವ ಪೆಟ್ಟು, ಎಲ್ಲಿ ಬೀಳುತ್ತದೆ. ನಾನು ಮೊದಲನೆಯದನ್ನು ಸರಿಯಾಗಿ ಹಿಡಿದೆ, ಎರಡನೆಯದರಲ್ಲಿ ಎಡವಿದೆ.

ಚಿಕ್ಕವನಿದ್ದಾಗ ನಾಲ್ಕು ವರ್ಷ ಮೃದಂಗ ಕಲಿತಿದ್ದೆ. ಕ್ಯಾಸೆಟ್ ಹಾಕಿದ ತಕ್ಷಣ ಕೈ ತಾನಾಗಿಯೇ ತೊಡೆ ಮೇಲೆ ಹೋಯಿತು. ತಕಿಟ ತಕ ಧಿಮಿ, ತಕಿಟ ತಕ ಧಿಮಿ. ಎರಡು ಚಿಕ್ಕ ಪೆಟ್ಟು, ಒಂದು ದೊಡ್ಡ ಪೆಟ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ದೊಡ್ಡದೇ ಜಾಸ್ತಿ ಜೋರಾಗಿಯೂ ಇತ್ತು. ಮಿಶ್ರ ಛಾಪು, ಮುಗೀತು ಅಂದುಕೊಂಡೆ. 3+2+2.

ಸುಮ್ನೆ ಕಿವಿಯನ್ನು ನಂಬಬಾರದು ಅಂತ ಅಳತೆಯನ್ನೂ ಮಾಡಿದೆ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ Audacityಯಲ್ಲಿ ತೆರೆದೆ. ಡೋಲಿನ ಪೆಟ್ಟುಗಳು ಅಲೆಯ ಚಿತ್ರದಲ್ಲಿ ಮುಳ್ಳಿನ ಹಾಗೆ ಎದ್ದು ಕಾಣುತ್ತವೆ. ಒಂದು ಮುಳ್ಳಿನಿಂದ ಇನ್ನೊಂದರವರೆಗೆ ಮೌಸ್ ಎಳೆದರೆ ಕೆಳಗಡೆ ಸಮಯ ತೋರಿಸುತ್ತದೆ. ನನಗೆ ಸಿಕ್ಕಿದ್ದು 0.45 ಸೆಕೆಂಡು, 0.30, 0.30. ಪೂರ್ತಿ ಒಂದು ಸುತ್ತು 1.05 ಸೆಕೆಂಡು. 0.15ನ್ನು ಒಂದು ಅಕ್ಷರ ಅಂದುಕೊಂಡರೆ 3, 2, 2. ಪ್ರತಿ ಸುತ್ತೂ ಇಷ್ಟು ಚೊಕ್ಕವಾಗಿ ಬರುವುದಿಲ್ಲ, ಬಾರಿಸುವವರ ಕೈ ಆಚೀಚೆ ಆಗುತ್ತೆ. ಅದಕ್ಕೇ ಹತ್ತು ಸುತ್ತು ಅಳೆದು ಸರಾಸರಿ ತೆಗೆದಿದ್ದೆ.

ಈ ಅಳತೆಯನ್ನು ನೀವೂ ಮಾಡಿ. ಹಳೇ ಟೇಪಿನಲ್ಲಿ ಶ್ರುತಿ ನಂಬುವಂಥದ್ದಲ್ಲ. ಮೋಟಾರು ಸ್ವಲ್ಪ ಜೋರಾಗಿ ತಿರುಗಿದರೂ ಶ್ರುತಿ ಏರುತ್ತದೆ, ವೇಗವೂ ಏರುತ್ತದೆ. ಆ್ಯಪ್‌ಗಳು ಎಷ್ಟೋ ಸಲ ಸೋಲುವುದು ಇಲ್ಲೇ. ಆದರೆ ಒಂದು ಪೆಟ್ಟಿಗೂ ಪಕ್ಕದ ಪೆಟ್ಟಿಗೂ ಇರುವ ಅನುಪಾತ ಮಾತ್ರ ಹಾಗೇ ಉಳಿಯುತ್ತದೆ. ಕೆಟ್ಟ ಟೇಪು ತಾಳವನ್ನು ಕೆಡಿಸಲಾರದು.

ಈಗ ತಪ್ಪಿನ ವಿಷಯ. 3+2+2 ಅನ್ನುವುದು ಸುತ್ತುತ್ತಲೇ ಇರುವ ಒಂದು ಚಕ್ರ. ದೊಡ್ಡ, ಚಿಕ್ಕ, ಚಿಕ್ಕ, ದೊಡ್ಡ, ಚಿಕ್ಕ, ಚಿಕ್ಕ. ಇದನ್ನೇ ದೊಡ್ಡದರ ಮುಂದಿನ ಪೆಟ್ಟಿನಿಂದ ಶುರು ಮಾಡಿ. ಚಿಕ್ಕ, ಚಿಕ್ಕ, ದೊಡ್ಡ. ಅಂದರೆ 2+2+3. ಶಬ್ದ ಅದೇ, ಅಳತೆ ಅದೇ. ಬದಲಾದದ್ದು ‘ಒಂದು’ ಮಾತ್ರ. ನಮ್ಮಲ್ಲಿ ತಕಿಟ ತಕಧಿಮಿಯನ್ನು ತಿರುಗಿಸಿ ತಕಧಿಮಿ ತಕಿಟ ಅಂದರೆ ವಿಲೋಮ ಛಾಪು ಆಗುತ್ತಲ್ವಾ, ಹಾಗೆ. ಆದರೆ ಬಾಲ್ಕನ್ ದೇಶಗಳಲ್ಲಿ ಈ ತಿರುವು ದೇಶವನ್ನೇ ಬದಲಾಯಿಸಿಬಿಡಬಹುದು. 3+2+2 ಅಂದರೆ ಗ್ರೀಸಿನ ಕಲಮತಿಯಾನೋಸ್ ಕುಣಿತ, ಇಲ್ಲವೇ ಮ್ಯಾಸಿಡೋನಿಯಾ ಕಡೆಯ ಲೆಸ್ನೋತೊ. 2+2+3 ಅಂದರೆ ಬಲ್ಗೇರಿಯಾದ ರಚೆನಿತ್ಸಾ.

ನನ್ನ ಹುಡುಕಾಟ ಗ್ರೀಸಿನ ಕಡೆ ಹೋಯಿತು. ತಿಂಗಳುಗಟ್ಟಲೆ ಕಲಮತಿಯಾನೋಸ್ ಕೇಳಿದೆ. ಗ್ರೀಕ್ ಜನಪದ ನೃತ್ಯ ಕಲಿಸುವ ಒಬ್ಬರಿಗೆ ಮೇಲ್ ಬರೆದೆ. ಪಾಪ, ಅವರು ಎಷ್ಟೋ ಟ್ಯೂನ್ ಕಳಿಸಿ ಕೊನೆಗೆ, ‘ಇದು ನಮ್ಮದರ ಹಾಗೆ ಕೇಳಿಸುತ್ತಿಲ್ಲ, ವೇಗ ಜಾಸ್ತಿ’ ಅಂದರು. ಆ ಮಾತು ಹಿಡಿದುಕೊಂಡು ನಿಲ್ಲಬೇಕಿತ್ತು. ಸುತ್ತಿಗೆ ಒಂದೇ ಸೆಕೆಂಡು ಅಂದರೆ ಅದು ಓಟ. ಕಲಮತಿಯಾನೋಸ್‌ನ ನಡಿಗೆ ಅದಕ್ಕಿಂತ ನಿಧಾನ, ಲೆಸ್ನೋತೊ ಸಹ. ನಾನು ಟೇಪು ಜೋರಾಗಿ ಓಡಿರಬೇಕು ಅಂತ ಸಮಾಧಾನ ಮಾಡಿಕೊಂಡೆ.

ಅದಕ್ಕಿಂತ ದೊಡ್ಡ ಸುಳಿವು ನನ್ನ ಕಣ್ಣೆದುರಿಗೇ ಇತ್ತು. ಆ 50 ಸೆಕೆಂಡಿನಲ್ಲಿ ಟ್ಯೂನ್ ಐದು ಕಡೆ ಬದಲಾಗುತ್ತದೆ. ಒಂದು ಸಾಲು ಮುಗಿದು ಇನ್ನೊಂದು ಸಾಲು ಶುರು. ನನ್ನ ಎಣಿಕೆಯಲ್ಲಿ ಆ ಹೊಸ ಸಾಲು ಪ್ರತಿ ಸಲವೂ ‘ತಕಿಟ’ ಮುಗಿದ ಮೇಲೆ, ‘ತಕ’ದ ಮೇಲೆ ಶುರುವಾಗುತ್ತಿತ್ತು. ಇದು ನನಗೆ ಕೇಳಿಸಿರಲಿಲ್ಲ ಅಂತಲ್ಲ. ಕೇಳಿಸಿತ್ತು. ‘ಓ, ಎಡುಪು’ ಅಂದುಕೊಂಡೆ. ನಮ್ಮ ಎಷ್ಟೋ ಕೀರ್ತನೆಗಳು ತಾಳದ ಮೊದಲ ಪೆಟ್ಟಾದ ಸಮದಲ್ಲಿ ಎತ್ತಿಕೊಳ್ಳುವುದಿಲ್ಲ, ಒಂದೆರಡು ಅಕ್ಷರ ಬಿಟ್ಟು ಶುರುವಾಗುತ್ತವೆ. ಇದೂ ಹಾಗೇ ಅಂತ ನನ್ನ ಮನಸ್ಸಿಗೆ ಎಷ್ಟು ಸಹಜವಾಗಿ ಒಪ್ಪಿತು ಅಂದರೆ, ಮತ್ತೆ ಆ ಕಡೆ ನೋಡಲೇ ಇಲ್ಲ.

ಎಡುಪಿಗೂ ತಪ್ಪು ಎಣಿಕೆಗೂ ವ್ಯತ್ಯಾಸ ಕಂಡುಹಿಡಿಯುವುದು ಸುಲಭ. ಎಡುಪು ಇದ್ದಾಗ ಹಾಡು ಮಾತ್ರ ಸರಿದಿರುತ್ತದೆ. ತಾಳ ತನ್ನ ಸಮಕ್ಕೇ ಬದ್ಧವಾಗಿರುತ್ತದೆ. ನನ್ನ ತುಣುಕಿನಲ್ಲಿ ಸರಿದದ್ದು ಕೊಳಲು ಮಾತ್ರ ಅಲ್ಲ. ಕಮಾನಿನ ವಾದ್ಯದ ಕೆಳಗಿನ ಸ್ವರ ಅಲ್ಲೇ ಬದಲಾಗುತ್ತಿತ್ತು. ಡೋಲಿನ ಸಣ್ಣ ಕಡ್ಡಿಯ ಉರುಳಿಕೆ ಅಲ್ಲೇ ಮುಗಿದು, ದಪ್ಪ ಕೋಲಿನ ಪೆಟ್ಟು ಅಲ್ಲೇ ಬೀಳುತ್ತಿತ್ತು. ಎಲ್ಲರೂ ಒಟ್ಟಿಗೆ ಒಂದು ಜಾಗಕ್ಕೆ ಬಂದು ಇಳಿದರೆ ಅದೇ ‘ಒಂದು’. ಅತಿ ಜೋರಿನ ಪೆಟ್ಟು ಅಲ್ಲ. ಇದನ್ನು ನಾನು ಮೂರು ಸಲ ಹೇಳಿದರೂ ಕಡಿಮೆಯೇ. ಆ ಟ್ಯೂನಿನಲ್ಲಿ ಭಾರ ಬೀಳುತ್ತಿದ್ದದ್ದು ಕೊನೆಯ ದೊಡ್ಡ ಪೆಟ್ಟಿನ ಮೇಲೆ. ಜೋರಾಗಿದೆ ಅಂತ ಅದನ್ನು ಮೊದಲು ಇಟ್ಟೆ, 14 ತಿಂಗಳು ಹೋಯಿತು.

ಗೊತ್ತಾದದ್ದು ಹೀಗೆ. ಒಂದು ಭಾನುವಾರ Audacityಯ Change Tempoದಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿ ಕೇಳುತ್ತಾ, ಸಾಲು ಬದಲಾದಾಗಲೆಲ್ಲ Ctrl+M ಒತ್ತಿ ಗುರುತು ಹಾಕುತ್ತಿದ್ದೆ. ಬೇರೇನೋ ಉದ್ದೇಶಕ್ಕೆ. ಎರಡು ಗುರುತುಗಳ ನಡುವೆ ಎಣಿಸಿದರೆ ಸರಿಯಾಗಿ 8 ಸುತ್ತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಆ ಗುರುತಿನಿಂದಲೇ ಹೊಸದಾಗಿ ತಟ್ಟಿದೆ. ತಕ ಧಿಮಿ ತಕಿಟ. ಕೈ ಎರಡು ನಿಮಿಷ ಒಪ್ಪಲೇ ಇಲ್ಲ, ಮತ್ತೆ ಮತ್ತೆ ತಕಿಟಕ್ಕೇ ಓಡುತ್ತಿತ್ತು. ಆಮೇಲೆ ಸಾಲಿನ ಕೊನೆ ಬಂತು, ಎಲ್ಲ ವಾದ್ಯವೂ ನನ್ನ ಕೈಯ ಜೊತೆಗೇ ಬಂದು ಕೂತಿತು. ಎದ್ದು ನಿಂತುಬಿಟ್ಟೆ.

ಮುಂದಿನದ್ದು ಬೇಗ ಆಯಿತು. 2+2+3, ಸುತ್ತಿಗೆ ಒಂದು ಸೆಕೆಂಡು, ಅಂದರೆ ರಚೆನಿತ್ಸಾ. ಬಲ್ಗೇರಿಯಾ ಅಂತ ಆದ ಮೇಲೆ ವಾದ್ಯಗಳಿಗೂ ಹೆಸರು ಸಿಕ್ಕಿತು. ಕೊಳಲು ಅಂದುಕೊಂಡಿದ್ದು ಕವಲ್, ಕಮಾನಿನದು ಗದುಲ್ಕಾ, ಡೋಲು ತಪನ್. ಆದರೆ ಇಲ್ಲಿಗೆ ಹಾಡು ಸಿಕ್ಕಿತು ಅಂತಲ್ಲ. ರಚೆನಿತ್ಸಾ ಅನ್ನುವುದು ಒಂದು ಕುಣಿತದ ಹೆಸರು, ಆ ಕುಣಿತಕ್ಕೆ ಲೆಕ್ಕವಿಲ್ಲದಷ್ಟು ಟ್ಯೂನ್ ಇವೆ. ಎಷ್ಟೋ ರೆಕಾರ್ಡಿಂಗ್‌ಗಳ ಮೇಲೆ ಬೇರೆ ಹೆಸರೇ ಇರುವುದಿಲ್ಲ, ಬರೀ ಬಲ್ಗೇರಿಯದ ಲಿಪಿಯಲ್ಲಿ ръченица ಅಂತಲೋ, ಅದರ ಹಿಂದೆ ಒಂದು ಪ್ರದೇಶದ ಹೆಸರು ಸೇರಿಸಿಯೋ ಇರುತ್ತದೆ. ಆ ಲಿಪಿಯಲ್ಲೇ ಹುಡುಕಿದಾಗ ಸಿಕ್ಕಿದ್ದಕ್ಕೂ ಇಂಗ್ಲಿಷಿನಲ್ಲಿ ಹುಡುಕಿದಾಗ ಸಿಕ್ಕಿದ್ದಕ್ಕೂ ಅಜಗಜಾಂತರ.

ಕೊನೆಗೆ ಗುರುತು ಹಿಡಿದವರು ಸಂಗೀತದವರಲ್ಲ, ಕುಣಿಯುವವರು. ಅಮೆರಿಕ, ಯುರೋಪಿನಲ್ಲಿ ಬಾಲ್ಕನ್ ಕುಣಿತವನ್ನು ಹವ್ಯಾಸಕ್ಕೆ ಕಲಿಯುವ ಗುಂಪುಗಳಿವೆ. ಅವರಿಗೆ ಟ್ಯೂನ್‌ಗಳು ಕಾಲಲ್ಲಿ ನೆನಪಿರುತ್ತವೆ. ಅವರು 2+2+3 ಅನ್ನುವುದಿಲ್ಲ, ಕ್ವಿಕ್-ಕ್ವಿಕ್-ಸ್ಲೋ ಅನ್ನುತ್ತಾರೆ. ಅದೇ ಮಾತಲ್ಲಿ ಬರೆದು, ಸಾಲು ಶುರುವಾಗುವ ಜಾಗದಿಂದ ಸರಿಯಾಗಿ ಕತ್ತರಿಸಿದ 16 ಸೆಕೆಂಡಿನ ತುಣುಕು ಕಳಿಸಿದೆ. ಮೊದಲು ಗ್ರೀಸಿನವರಿಗೆ ಕಳಿಸಿದ್ದು ನಡುವಿನಿಂದ ಕತ್ತರಿಸಿದ್ದು, ಅದೂ ನನ್ನ ತಪ್ಪು ‘ಒಂದು’ ಇದ್ದ ಕಡೆಯಿಂದ. ಈ ಸಲ ಅದೇ ರಾತ್ರಿ ಉತ್ತರ ಬಂತು. ಥ್ರೇಸ್ ಪ್ರದೇಶದ ಒಂದು ರಚೆನಿತ್ಸಾ, ಜೊತೆಗೆ ಪೂರ್ತಿ ರೆಕಾರ್ಡಿಂಗ್.

ನಿಮ್ಮ ತುಣುಕು ಬಾಲ್ಕನ್ನಿನದೇ ಆಗಬೇಕಿಲ್ಲ. ಡ್ರಮ್ ಸೆಟ್, ಬೇಸ್ ಗಿಟಾರ್ ಕೇಳಿಸಿ, ಏಳೂ ಪೆಟ್ಟು ಸಮಸಮ ಅಂತರದಲ್ಲಿ ನಿಧಾನವಾಗಿ ಬರುತ್ತಿದ್ದರೆ ಅದು ಬೇರೆಯೇ ದಾರಿ. ರಾಕ್‌ನಲ್ಲಿ ಏಳು ಎಷ್ಟೋ ಸಲ ಹಾಗೇ ಬರುತ್ತದೆ. ಅಲ್ಲಿ 40 ಸೆಕೆಂಡಿನ ಮೇಲೆ ಪೂರ್ತಿ ಹಾಡಿನ ತೀರ್ಪು ಕೊಡಬೇಡಿ. ಪಿಂಕ್ ಫ್ಲಾಯ್ಡ್‌ನ 1973ರ ‘ಮನಿ’ ಏಳರಲ್ಲಿ ನಡೆದು ಗಿಟಾರ್ ಸೋಲೋ ಬಂದಾಗ ನಾಲ್ಕಕ್ಕೆ ಹೋಗುತ್ತದೆ. ಆ ಸೋಲೋ ಮಾತ್ರ ನಿಮ್ಮ ಟೇಪಿನಲ್ಲಿದ್ದರೆ ಏಳು ಅಂತ ಗೊತ್ತೇ ಆಗುವುದಿಲ್ಲ.

ನಿಮ್ಮ 40 ಸೆಕೆಂಡಿನಲ್ಲಿ ಸಾಲು ಎಲ್ಲಿ ಬದಲಾಗುತ್ತದೆ ಅಂತ ಮೊದಲು ಗುರುತು ಹಾಕಿ, ಅಲ್ಲಿಂದ ಎಣಿಸಿ, ದೊಡ್ಡ-ಚಿಕ್ಕ ಯಾವ ಕ್ರಮದಲ್ಲಿ ಬಂತು ಅಂತ ಇಲ್ಲೇ ಬರೆಯಿರಿ. ಸುತ್ತಿಗೆ ಎಷ್ಟು ಸೆಕೆಂಡು ಅನ್ನುವುದನ್ನೂ ಬರೆಯಿರಿ.

ಪೂರ್ತಿ ರೆಕಾರ್ಡಿಂಗ್ ಸಿಕ್ಕ ಮೇಲೆ ಅದನ್ನೂ ಅಳೆದೆ. ಸುತ್ತಿಗೆ 1.11 ಸೆಕೆಂಡು. ಅಂದರೆ ದೊಡ್ಡಪ್ಪನ ಟೇಪು ಸುಮಾರು ನೂರಕ್ಕೆ ಆರರಷ್ಟು ಜೋರಾಗಿ ಓಡಿತ್ತು, ಶ್ರುತಿ ಹಾರ್ಮೋನಿಯಂನಲ್ಲಿ ಪಕ್ಕದ ಕಪ್ಪು ಮನೆಗೆ ಏರಿತ್ತು. ದೊಡ್ಡಪ್ಪನಿಗೆ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ‘ನಮ್ಮದಕ್ಕಿಂತ ಸ್ವಲ್ಪ ಇಳಿದಿದೆ, ಅಲ್ವೇನೋ?’ ಅಂದರು.