ವಿಮೆ 30 ಲಕ್ಷ, ನಷ್ಟ 10 ಲಕ್ಷ, ಬರುವುದು 6 ಲಕ್ಷ ಯಾಕೆ?

"ನಮ್ಮ ಬಟ್ಟೆ ಅಂಗಡಿಯ ಸ್ಟಾಕಿಗೆ 30 ಲಕ್ಷದ ಫೈರ್ ಇನ್ಶೂರೆನ್ಸ್ ಇದೆ. ಬೆಂಕಿಯಲ್ಲಿ ಸುಟ್ಟಿದ್ದು ಬರೀ 10 ಲಕ್ಷದ ಮಾಲು. ಸರ್ವೇಯರ್ 6 ಲಕ್ಷ ಮಾತ್ರ ಬರುತ್ತದೆ ಎನ್ನುತ್ತಿದ್ದಾರೆ. ಇದು ಮೋಸ ಅಲ್ವಾ?"

ಮೋಸ ಅಲ್ಲ. ಆದರೆ 6 ಲಕ್ಷ ಅನ್ನುವ ಲೆಕ್ಕ ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು. ಅದನ್ನು ನೀವು ಕೂತು ನೋಡಲೇಬೇಕು. ಫೈರ್ ಕ್ಲೈಮುಗಳ ಲೆಕ್ಕ ನೋಡುವುದೇ ನನ್ನ ಕೆಲಸ. ಅಂಗಡಿಯವರಿಗೆ ಅತಿ ಹೆಚ್ಚು ಪೆಟ್ಟು ಕೊಡುವುದು ಇದೇ ವಿಷಯ.

ಬೆಂಕಿ ಬಿದ್ದ ದಿನ ಅಂಗಡಿಯಲ್ಲಿ 50 ಲಕ್ಷದ ಮಾಲು ಇತ್ತು ಎಂದು ಸರ್ವೇಯರ್ ಕಂಡುಕೊಂಡಿರಬೇಕು. ನೀವು ಪ್ರೀಮಿಯಂ ಕಟ್ಟಿದ್ದು 30 ಲಕ್ಷಕ್ಕೆ. ಉಳಿದ 20 ಲಕ್ಷಕ್ಕೆ ನೀವೇ ವಿಮಾ ಕಂಪನಿ ಇದ್ದಂತೆ ಎಂದು ಪಾಲಿಸಿ ಹೇಳುತ್ತದೆ. ಇದೇ ಆವರೇಜ್ ಕ್ಲಾಜ್ ಎಂಬ ಷರತ್ತು. ಹಾಗಾಗಿ ಯಾವುದೇ ನಷ್ಟವಾದರೂ ಐದರಲ್ಲಿ ಮೂರು ಪಾಲು ಕಂಪನಿಯದು, ಎರಡು ಪಾಲು ನಿಮ್ಮದು.

ಕೊಡುವ ಹಣ = ನಷ್ಟ × ವಿಮಾ ಮೊತ್ತ ÷ ಆ ದಿನದ ಸ್ಟಾಕ್ ಬೆಲೆ
10 ಲಕ್ಷ × 30 ÷ 50 = 6 ಲಕ್ಷ

ಇದರಲ್ಲಿ ಪಾಲಿಸಿಯ ಎಕ್ಸೆಸ್, ಅಂದರೆ ಪ್ರತಿ ಕ್ಲೈಮಿನಲ್ಲಿ ನೀವೇ ಹೊರಬೇಕಾದ ಮೊತ್ತ, ಬೇರೆ ಕಳೆಯುತ್ತಾರೆ. ಈ ನಿಯಮ ಇಲ್ಲದಿದ್ದರೆ ಎಲ್ಲರೂ ಕಡಿಮೆ ಮೊತ್ತಕ್ಕೇ ವಿಮೆ ಮಾಡಿಸುತ್ತಿದ್ದರು. ಯಾಕೆಂದರೆ ಇಡೀ ಅಂಗಡಿ ಸುಡುವುದು ಅಪರೂಪ. ಒಂದು ಭಾಗ ಸುಡುವುದೇ ಜಾಸ್ತಿ.

ಈಗ ಆ 50 ಲಕ್ಷ ಎಲ್ಲಿಂದ ಬಂತು ನೋಡೋಣ. ಸುಟ್ಟ ಮಾಲನ್ನು ಎಣಿಸಲು ಆಗುವುದಿಲ್ಲ. ಅದಕ್ಕೇ ಸರ್ವೇಯರ್ ಪುಸ್ತಕದಿಂದ ಲೆಕ್ಕ ಹಾಕುತ್ತಾರೆ. ಏಪ್ರಿಲ್ 1ರಂದು ನಿಮ್ಮ ಸ್ಟಾಕ್ 38 ಲಕ್ಷ ಇತ್ತು ಅಂದುಕೊಳ್ಳಿ. ಬೆಂಕಿ ಬೀಳುವ ತನಕ 64 ಲಕ್ಷದ ಖರೀದಿ ಆಗಿದೆ. ವ್ಯಾಪಾರ 65 ಲಕ್ಷ. ಇದು ಮಾರಿದ ಬೆಲೆ, ಇದರಲ್ಲಿ ನಿಮ್ಮ ಲಾಭವೂ ಸೇರಿದೆ. ಲಾಭ ಶೇ 20 ಎಂದು ಹಿಡಿದು 13 ಲಕ್ಷ ತೆಗೆದರೆ, ಹೊರಗೆ ಹೋದ ಮಾಲಿನ ಅಸಲು 52 ಲಕ್ಷ. 38 ಮತ್ತು 64 ಕೂಡಿಸಿ 52 ಕಳೆದರೆ ಉಳಿಯುವುದು 50.

ನೀವು ತಕರಾರು ಎತ್ತಬಹುದಾದ ಜಾಗ ಇದೇ. ಮೊದಲು ಲಾಭದ ಪ್ರಮಾಣ ನೋಡಿ. ಡಿಸ್ಕೌಂಟ್ ಸೇಲ್ ಹಾಕಿದ್ದಿರಿ, ನಿಜವಾದ ಲಾಭ ಶೇ 16 ಮಾತ್ರ ಅಂದರೆ, ಹೊರಗೆ ಹೋದ ಮಾಲಿನ ಅಸಲು 54.6 ಲಕ್ಷ ಆಗುತ್ತದೆ. ಆಗ ಉಳಿದ ಸ್ಟಾಕ್ 47.4 ಲಕ್ಷಕ್ಕೆ ಇಳಿಯುತ್ತದೆ. ಇನ್ನೊಂದು, ಪುಸ್ತಕದಲ್ಲಿರುವ ಮಾಲೆಲ್ಲ ಈ ಅಂಗಡಿಯಲ್ಲೇ ಇತ್ತಾ? ಬೇರೆ ಬೀದಿಯ ಗೋಡೌನಿನಲ್ಲಿ 8 ಲಕ್ಷದ ಮಾಲಿದ್ದು, ಆ ವಿಳಾಸ ಪಾಲಿಸಿಯಲ್ಲಿ ಇಲ್ಲದಿದ್ದರೆ ಅದನ್ನು ಈ 50 ಲಕ್ಷದಲ್ಲಿ ಸೇರಿಸುವಂತಿಲ್ಲ. ಅದೊಂದನ್ನೇ ತೆಗೆದರೂ ಸ್ಟಾಕ್ 42 ಲಕ್ಷವಾಗಿ, ಕ್ಲೈಮ್ ಸುಮಾರು 7.14 ಲಕ್ಷಕ್ಕೆ ಏರುತ್ತದೆ. ಇಂಥದ್ದಕ್ಕೆ ದಾಖಲೆ ಬೇಕು: ಗೋಡೌನಿನ ಬಾಡಿಗೆ ಕರಾರು, ಸಾಗಿಸಿದ ಚೀಟಿ, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್. ಈ ಸ್ಟೇಟ್‌ಮೆಂಟಿನ ಬಗ್ಗೆ ಹುಷಾರು. ಸಾಲ ಜಾಸ್ತಿ ಸಿಗಲಿ ಎಂದು ಅದರಲ್ಲಿ ಸ್ಟಾಕ್ ಏರಿಸಿ ತೋರಿಸಿದ್ದರೆ, ಸರ್ವೇಯರ್ ಅದನ್ನೇ ನಿಮ್ಮ ಮುಂದೆ ಇಡುತ್ತಾರೆ.

ನಿಮ್ಮದು ಯಾವ ಪಾಲಿಸಿ ಅನ್ನುವುದನ್ನೂ ನೋಡಿ. 2021ರ ಏಪ್ರಿಲ್‌ನಿಂದ ಒಂದೇ ಜಾಗದಲ್ಲಿ 5 ಕೋಟಿವರೆಗಿನ ಆಸ್ತಿ ಇರುವ ವ್ಯಾಪಾರಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ಬಂದಿದೆ. ಅದರಲ್ಲಿ ವಿಮಾ ಮೊತ್ತದ ಶೇ 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ 30 ಲಕ್ಷದ ವಿಮೆಗೆ ಸ್ಟಾಕ್ ಸುಮಾರು 35.29 ಲಕ್ಷದೊಳಗೆ ಇದ್ದರೆ ಕಡಿತವೇ ಇಲ್ಲ. ನಿಮ್ಮ ಕೊರತೆ ಶೇ 40, ಅದಕ್ಕೇ ಈ ರಿಯಾಯಿತಿ ಸಿಕ್ಕಿಲ್ಲ. ಮನೆಗಳಿಗೆ ಇರುವ ಭಾರತ್ ಗೃಹ ರಕ್ಷಾದಲ್ಲಿ ಆವರೇಜ್ ಅನ್ವಯಿಸುವುದೇ ಇಲ್ಲ. ಆದರೆ ಆ ಅನುಕೂಲ ಅಂಗಡಿಗೆ ಬರುವುದಿಲ್ಲ.

ಪಾಲಿಸಿಯಲ್ಲಿ ಫರ್ನಿಚರ್‌ಗೆ ಜಾಸ್ತಿ ಮೊತ್ತ ಇದೆ, ಅದರಿಂದ ಸ್ಟಾಕಿನ ಕೊರತೆ ತುಂಬಿಕೊಳ್ಳಿ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಪ್ರತಿ ಬಾಬ್ತಿಗೂ ಲೆಕ್ಕ ಬೇರೆ ಬೇರೆ.

ಈ 30 ಲಕ್ಷ ನಿಮ್ಮ ಬ್ಯಾಂಕ್ ಸಾಲದ ಮೊತ್ತವೇ ಇರಬೇಕು ಅನ್ನುವುದು ನನ್ನ ಊಹೆ. ಬ್ಯಾಂಕಿನವರು ಸಾಲದಷ್ಟಕ್ಕೆ ವಿಮೆ ಮಾಡಿಸಿ ಸುಮ್ನಾಗುವುದು ತುಂಬಾ ಸಾಮಾನ್ಯ. ವಿಮೆ ಇರಬೇಕಾದದ್ದು ವರ್ಷದಲ್ಲಿ ಸ್ಟಾಕ್ ಅತಿ ಹೆಚ್ಚು ಇರುವ ದಿನದ ಅಸಲು ಬೆಲೆಗೆ. ದಸರಾ, ದೀಪಾವಳಿಗೆ ಮಾಲು ತುಂಬುವ ಮುಂಚೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯಲ್ಲಿ ತಿದ್ದುಪಡಿ, ಮಾಡಿಸಿ ಮೊತ್ತ ಏರಿಸಿಕೊಳ್ಳಬಹುದು.

ಸದ್ಯಕ್ಕೆ ಸರ್ವೇ ವರದಿಯ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಸ್ಟಾಕ್ ಲೆಕ್ಕದ ಹಾಳೆಯನ್ನು ನಿಮ್ಮ ಆಡಿಟರ್ ಜೊತೆ ಕೂತು ಸಾಲು ಸಾಲಾಗಿ ನೋಡಿ. ಅಲ್ಲಿಯವರೆಗೆ "ಪೂರ್ತಿ ಮತ್ತು ಅಂತಿಮ" ಎಂದು ಬರೆದಿರುವ ವೋಚರ್‌ಗೆ ಸಹಿ ಹಾಕಬೇಡಿ.