ತಿಂಗಳಿಗೆ ಹತ್ತು ದಿನ ಕಚೇರಿ: ಹೆಚ್ಚುವರಿ ಸಂಬಳದಲ್ಲಿ ಉಳಿಯುವುದೆಷ್ಟು?

ಪ್ರಶ್ನೆ: ಶಿವಮೊಗ್ಗದಲ್ಲಿ ನನಗೆ ತಿಂಗಳಿಗೆ 55,000 ರೂ. ಕೈಗೆ ಬರುತ್ತದೆ. ಬೆಂಗಳೂರಿನ ಐಟಿ ಕಂಪನಿಯೊಂದು 72,000 ರೂ. ಕೊಡುವುದಾಗಿ ಹೇಳಿದೆ. ತಿಂಗಳಲ್ಲಿ 10 ದಿನ ಕಚೇರಿಗೆ ಬಂದರೆ ಸಾಕು, ಉಳಿದ ದಿನ ಮನೆಯಿಂದ ಕೆಲಸ ಮಾಡಬಹುದಂತೆ. ವಯಸ್ಸಾದ ತಂದೆ-ತಾಯಿ ಇಲ್ಲಿರುವುದರಿಂದ ಊರು ಬಿಡಲಾರೆ. ಒಪ್ಪಿಕೊಳ್ಳಲೇ?

ಉತ್ತರ: ಆ 10 ದಿನಗಳನ್ನು ಒಟ್ಟಾಗಿ ಮುಗಿಸಲು ಅವಕಾಶವಿದೆಯೇ ಎಂಬುದನ್ನು ಮೊದಲು ಕೇಳಿ. ಅವಕಾಶವಿದ್ದರೆ ತಿಂಗಳಿಗೆ ಎರಡು ವಾರ ಸೋಮವಾರ ಬೆಳಿಗ್ಗೆ ಬೆಂಗಳೂರಿಗೆ ಬಂದಿಳಿದು ಶುಕ್ರವಾರ ರಾತ್ರಿ ಹೊರಡಬಹುದು. ಹೋಗಿಬರಲು ಒಂದು ಸಲಕ್ಕೆ 1,000 ರೂ., ಪಿ.ಜಿ.ಯಲ್ಲಿ ತಂಗಲು ರಾತ್ರಿಗೆ 900 ರೂ., ಊಟಕ್ಕೂ ನಗರದೊಳಗಿನ ಓಡಾಟಕ್ಕೂ ದಿನಕ್ಕೆ 400 ರೂ. ಎಂದಿಟ್ಟುಕೊಂಡರೆ, ಎರಡು ಪ್ರಯಾಣ, ಎಂಟು ರಾತ್ರಿ, ಹತ್ತು ದಿನಗಳ ಖರ್ಚು 13,200 ರೂ. ಆಗುತ್ತದೆ. ಹೆಚ್ಚುವರಿ 17,000 ರೂ.ಗಳಲ್ಲಿ ನಿಮಗೆ ಉಳಿಯುವುದು 3,800 ರೂ. ಮಾತ್ರ.

ಇದೇ ನಿಯಮ ‘ವಾರಕ್ಕೆ ಮೂರು ದಿನ’ ಎಂದು ಬದಲಾದರೆ ಖರ್ಚು 16,000 ರೂ.ಗೆ ಏರಿ ಉಳಿತಾಯ 1,000 ರೂ.ಗೆ ಇಳಿಯುತ್ತದೆ. ಹಣಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಪ್ರಯಾಣ: ತಿಂಗಳಿಗೆ ನಾಲ್ಕು ರಾತ್ರಿಯ ಪ್ರಯಾಣ ಎಂಟಾಗುತ್ತದೆ, ತಂದೆ-ತಾಯಿಯ ಜೊತೆ ಇಡೀ ವಾರ ಕಳೆಯುವುದು ಒಮ್ಮೆಯೂ ಸಾಧ್ಯವಾಗುವುದಿಲ್ಲ.

ಇಂಥ ಬದಲಾವಣೆ ಅಪರೂಪವೇನಲ್ಲ. ಇನ್ಫೋಸಿಸ್ 2025ರ ಮಾರ್ಚ್‌ನಿಂದ ಕೆಳ ಮತ್ತು ಮಧ್ಯಮ ಹಂತದ ನೌಕರರಿಗೆ ತಿಂಗಳಿಗೆ 10 ದಿನಗಳ ಹಾಜರಿಯನ್ನು ಕಡ್ಡಾಯಗೊಳಿಸಿತು. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರದ ಐದೂ ದಿನ ಕಚೇರಿಗೆ ಬರುವಂತೆ ಹೇಳಿ, ಮರುವರ್ಷ ಹಾಜರಿಯನ್ನು ವೇರಿಯೆಬಲ್ ಪೇಗೆ ಜೋಡಿಸಿತು. ಆದ್ದರಿಂದ ನಿಮ್ಮ 72,000 ರೂ.ಗಳಲ್ಲಿ ವೇರಿಯೆಬಲ್ ಭಾಗ ಎಷ್ಟಿದೆ ಎಂದು ತಿಳಿದುಕೊಳ್ಳಿ. ಅದು 8,000 ರೂ. ಇದ್ದು, ಹಾಜರಿ ಸಾಲದೆ ಕೈತಪ್ಪಿದರೆ, 3,800 ರೂ. ಉಳಿತಾಯದ ಜಾಗದಲ್ಲಿ 4,200 ರೂ. ನಷ್ಟವಾಗುತ್ತದೆ. ಹಬ್ಬದ ರಜೆ ಅಥವಾ ಅನಾರೋಗ್ಯದ ರಜೆ ಹಾಕಿದ ತಿಂಗಳಲ್ಲಿ ಆ 10 ದಿನಗಳ ಲೆಕ್ಕ ಕಡಿಮೆಯಾಗುತ್ತದೆಯೇ ಎಂಬುದನ್ನೂ ವಿಚಾರಿಸಿ. ಹಾಜರಿ ಸಾಲದೆ ಹೋಗುವುದು ಹೆಚ್ಚಾಗಿ ಅಂಥ ತಿಂಗಳುಗಳಲ್ಲೇ.

ನೇಮಕಾತಿ ಪತ್ರದಲ್ಲಿ ಕೆಲಸದ ಸ್ಥಳ ‘ಬೆಂಗಳೂರು’ ಎಂದಷ್ಟೇ ಇದ್ದು, ಮನೆಯಿಂದ ಕೆಲಸ ಮಾಡುವ ಅನುಕೂಲ ಕಂಪನಿಯ ನೀತಿಯಲ್ಲಿ ಮಾತ್ರ ಇದ್ದರೆ, ಕಂಪನಿ ಒಂದು ಇಮೇಲ್‌ನಿಂದ ಅದನ್ನು ಹಿಂಪಡೆಯಬಹುದು. ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲೇ ಎಚ್.ಆರ್.ಗೆ ಇಮೇಲ್ ಬರೆದು, ಹಾಜರಿಯ ಲೆಕ್ಕ ತಿಂಗಳಿಗೋ ವಾರಕ್ಕೋ, ದಿನಗಳನ್ನು ಆರಿಸುವವರು ನೀವೋ ಮ್ಯಾನೇಜರೋ ಎಂಬುದಕ್ಕೆ ಲಿಖಿತ ಉತ್ತರ ಪಡೆಯಿರಿ. ಆ ಉತ್ತರ ನೀತಿ ಬದಲಾಗುವುದನ್ನು ತಡೆಯದು, ಆದರೆ ಇಂದಿನ ನಿಯಮವೇನೆಂಬುದು ಸ್ಪಷ್ಟವಾಗುತ್ತದೆ. ‘ಮ್ಯಾನೇಜರ್ ವಿವೇಚನೆಗೆ ಬಿಟ್ಟಿದ್ದು’ ಎಂಬ ಉತ್ತರ ಬಂದರೆ, ಇದನ್ನು ಬೆಂಗಳೂರಿನಲ್ಲೇ ಇರಬೇಕಾದ ಕೆಲಸವೆಂದು ಪರಿಗಣಿಸಿ, ಮನೆ ಬಾಡಿಗೆಯನ್ನೂ ಸೇರಿಸಿ ಲೆಕ್ಕ ಹಾಕಿ. ಆಗ 17,000 ರೂ. ಸಾಲುವುದಿಲ್ಲ, ಸಂಬಳ ಹೆಚ್ಚಿಸದಿದ್ದರೆ ಬೇಡವೆನ್ನುವುದೇ ಸರಿ ಎಂಬುದು ನನ್ನ ಅಭಿಪ್ರಾಯ.